ಅರುವತ್ತು ಕ್ಯಾಂಡಲಿನ ಬಲ್ಬಿಗೆ ಎಷ್ಟು ಲುಮೆನ್?

ಮುಂಬಯಿಯ ನಮ್ಮ ಕನ್ನಡ, ತುಳು ಮನೆಗಳಲ್ಲಿ ಹಿರಿಯರು ಇವತ್ತಿಗೂ ಬಲ್ಬನ್ನು ಕ್ಯಾಂಡಲ್ ಲೆಕ್ಕದಲ್ಲೇ ಹೇಳುತ್ತಾರೆ. ಅಡಿಗೆ ಕೋಣೆಗೆ ನಲವತ್ತು ಕ್ಯಾಂಡಲ್ ಸಾಕು, ಹೊರಗಿನ ಕೋಣೆಗೆ ಅರುವತ್ತು ಕ್ಯಾಂಡಲ್ ಹಾಕು, ರಾತ್ರಿ ಮಲಗುವಾಗ ಝೀರೋ ಕ್ಯಾಂಡಲ್. ಊರಿನಲ್ಲೂ ಹಾಗೆಯೇ. ಅವರು ಹೇಳುತ್ತಿರುವುದು ವ್ಯಾಟ್ ಎಂದು ನಾವು, ಅಂದರೆ ಇಂಜಿನಿಯರಿಂಗ್ ಓದಿದವರು, ಮನಸ್ಸಿನಲ್ಲೇ ತಿದ್ದಿಕೊಂಡು ಸುಮ್ಮನಾಗುತ್ತೇವೆ. ಆದರೆ ಈಗ ಅಂಗಡಿಯ ಡಬ್ಬಿಯ ಮೇಲೆ ವ್ಯಾಟ್ ಎಂದರೆ ಬರೀ ಒಂಬತ್ತು. ಬೆಳಕನ್ನು ಹೇಳುವುದು ಲುಮೆನ್. ಹಳೆಯ ಅರುವತ್ತಕ್ಕೆ ಎಷ್ಟು ಲುಮೆನ್ ಎಂದು ಗೋರೆಗಾಂವ್‌ನಲ್ಲಿರುವ ನನ್ನ ಸೋದರಮಾವ ಕಳೆದ ಮಳೆಗಾಲದಲ್ಲಿ ಕೇಳಿದಾಗ, ಎಂಟುನೂರು ಎಂದು ಒಂದು ಸಂಖ್ಯೆ ಹೇಳಿ ಮುಗಿಸಬಹುದಿತ್ತು. ಹೆಚ್ಚಿನವರು ಹೇಳುವುದು ಅದನ್ನೇ. ಆದರೆ ಆ ಎಂಟುನೂರು ಎಂಬುದು ಮುಂಬಯಿಯ ಸಂಖ್ಯೆಯೇ ಅಲ್ಲ. ಅದು ಎಲ್ಲಿಂದ ಬಂತು, ನಮ್ಮ ಸಂಖ್ಯೆ ಎಷ್ಟು ಎಂದು ಹುಡುಕುತ್ತಾ ಹೋದರೆ ಈ ನಗರದ ದೀಪಗಳ ನೂರ ನಲವತ್ತು ವರ್ಷಗಳ ಕತೆ ಬಿಚ್ಚಿಕೊಳ್ಳುತ್ತದೆ.

ಕ್ಯಾಂಡಲ್ ಎಂಬುದು ಬಾಯಿಮಾತಿನ ಹೆಸರಲ್ಲ, ಒಂದು ಕಾಲದಲ್ಲಿ ಕಾನೂನಿನ ಅಳತೆ. 1860ರಲ್ಲಿ ಬ್ರಿಟಿಷ್ ಪಾರ್ಲಿಮೆಂಟು ಲಂಡನ್ನಿನ ಗ್ಯಾಸ್ ದೀಪಗಳಿಗಾಗಿ ಒಂದು ಕಾಯಿದೆ ತಂದಿತು. ತಿಮಿಂಗಿಲದ ತಲೆಯ ಮೇಣದಿಂದ ಮಾಡಿದ, ಒಂದು ಪೌಂಡಿಗೆ ಆರು ತೂಗುವ, ಗಂಟೆಗೆ 120 ಗ್ರೇನ್, ಅಂದರೆ ಸುಮಾರು ಎಂಟು ಗ್ರಾಂ, ಉರಿಯುವ ಮೇಣದ ಬತ್ತಿಯ ಬೆಳಕು ಒಂದು ಕ್ಯಾಂಡಲ್. ಗ್ಯಾಸ್ ಕಂಪೆನಿ ಇಷ್ಟು ಕ್ಯಾಂಡಲಿನ ದೀಪ ಕೊಡುತ್ತೇನೆಂದು ಮಾತು ಕೊಟ್ಟರೆ ಅದನ್ನು ಈ ಬತ್ತಿಯ ಎದುರಿಟ್ಟು ಪರೀಕ್ಷಿಸುತ್ತಿದ್ದರು. ಅದೇ ದಶಕದಲ್ಲಿ ಮುಂಬಯಿಯ ಬೀದಿಗಳಿಗೂ ಗ್ಯಾಸ್ ದೀಪ ಬಂತು, ಜತೆಗೆ ಈ ಅಳತೆಯೂ ಬಂತು.

ವಿದ್ಯುತ್ ದೀಪ ಮೊದಲು ಬಂದದ್ದು 1882ರಲ್ಲಿ, ಕ್ರಾಫರ್ಡ್ ಮಾರ್ಕೆಟ್ಟಿಗೆ. ಗುತ್ತಿಗೆ ಹಿಡಿದ ಕಂಪೆನಿ ಮರುವರ್ಷವೇ ದಿವಾಳಿಯೆದ್ದು ಮಾರ್ಕೆಟ್ ಮತ್ತೆ ಗ್ಯಾಸ್ ದೀಪಕ್ಕೆ ಹಿಂತಿರುಗಿತು. ಮುಂಬಯಿಯಲ್ಲಿ ವಿದ್ಯುತ್ತು ನೆಲೆ ನಿಂತದ್ದು 1905ರಲ್ಲಿ ಬಾಂಬೆ ಇಲೆಕ್ಟ್ರಿಕ್ ಸಪ್ಲೈ ಆಂಡ್ ಟ್ರಾಮ್‌ವೇಸ್ ಕಂಪೆನಿ, ಇಂದಿನ ಬೆಸ್ಟ್‌ನ ಮೂಲ, ಹುಟ್ಟಿದ ಮೇಲೆ. (ಅದೇ 1905ರ ಆಗಸ್ಟಿನಲ್ಲಿ ಶಿವನಸಮುದ್ರದ ಕರೆಂಟಿನಿಂದ ಬೆಂಗಳೂರಿನ ಬೀದಿದೀಪಗಳು ಹೊತ್ತಿದವು. ಮುಂಬಯಿಯ ಗೆಳೆಯರ ಎದುರು ಇದನ್ನು ಹೇಳುವ ಅವಕಾಶವನ್ನು ನಾನು ಬಿಡುವುದಿಲ್ಲ.)

ಆ ದಿನಗಳ ಬಲ್ಬಿನೊಳಗೆ ಇದ್ದದ್ದು ಕಾರ್ಬನ್ ಎಳೆ. ಸಾಧಾರಣ ಬಲ್ಬು ಎಂದರೆ 16 ಕ್ಯಾಂಡಲಿನದು, ಗ್ಯಾಸ್ ದೀಪಕ್ಕೆ ಸರಿಸಾಟಿ ಎಂದು ತೋರಿಸಲು ಆ ಲೆಕ್ಕದಲ್ಲೇ ಮಾರುತ್ತಿದ್ದರು. ಅದು ಎಳೆಯುತ್ತಿದ್ದ ಕರೆಂಟು ಐವತ್ತರಿಂದ ಅರುವತ್ತು ವ್ಯಾಟ್. ಗಮನಿಸಿ, ಒಂದು ಕ್ಯಾಂಡಲಿಗೆ ಮೂರೂವರೆ ವ್ಯಾಟಿನ ಆಸುಪಾಸು. ಇದೇ ಲೆಕ್ಕ ಉಳಿದಿದ್ದರೆ ವ್ಯಾಟನ್ನು ಕ್ಯಾಂಡಲ್ ಎಂದು ಯಾರೂ ಕರೆಯುತ್ತಿರಲಿಲ್ಲ.

ಆಮೇಲೆ ಟಂಗ್‌ಸ್ಟನ್ ಬಂತು. 1910ರ ಹೊತ್ತಿಗೆ ಅಮೆರಿಕದಲ್ಲಿ ವಿಲಿಯಂ ಕೂಲಿಜ್ ಈ ಗಡಸು ಲೋಹವನ್ನು ತಂತಿಯಾಗಿ ಎಳೆಯುವ ಉಪಾಯ ಕಂಡುಹಿಡಿದರು. 1913ರಲ್ಲಿ ಇರ್ವಿಂಗ್ ಲ್ಯಾಂಗ್‌ಮ್ಯೂರ್ ಬಲ್ಬಿನೊಳಗೆ ಗಾಳಿ ತೆಗೆದು ಖಾಲಿ ಬಿಡುವ ಬದಲು ಜಡ ಅನಿಲ ತುಂಬಿಸಿ, ತಂತಿಯನ್ನು ಸುರುಳಿ ಮಾಡಿ ಇನ್ನಷ್ಟು ಬಿಸಿಯಾಗಿ ಉರಿಸಿದರು. ಒಂದು ಕ್ಯಾಂಡಲ್ ಬೆಳಕಿಗೆ ಬೇಕಾದ ಕರೆಂಟು ಮೂರೂವರೆ ವ್ಯಾಟಿನಿಂದ ಒಂದು ವ್ಯಾಟಿನ ಹತ್ತಿರಕ್ಕೆ ಇಳಿಯಿತು. ನಾವು ನೀವು ನೋಡಿದ 230 ವೋಲ್ಟಿನ ಅರುವತ್ತರ ಬಲ್ಬಿನ ಒಟ್ಟು ಬೆಳಕು ಸುಮಾರು 710 ಲುಮೆನ್. ಎಲ್ಲ ದಿಕ್ಕಿಗೂ ಸಮನಾಗಿ ಚೆಲ್ಲುವ ಒಂದು ಕ್ಯಾಂಡಲಿನ ದೀಪ ಕೊಡುವುದು 12.6 ಲುಮೆನ್. ಭಾಗಿಸಿ ನೋಡಿದರೆ 56 ಕ್ಯಾಂಡಲ್. ನಲವತ್ತರ ಬಲ್ಬು 33, ನೂರರ ಬಲ್ಬು 107. ನಮ್ಮ ಹಿರಿಯರ ‘ಅರುವತ್ತು ಕ್ಯಾಂಡಲ್’ ತಪ್ಪಲ್ಲ! ಟಂಗ್‌ಸ್ಟನ್ ಬಲ್ಬಿನಲ್ಲಿ ಎರಡು ಅಳತೆಗಳು ಆಕಸ್ಮಿಕವಾಗಿ ಒಂದೇ ಸಂಖ್ಯೆಗೆ ಬಂದು ನಿಂತವು. ಗಾಜಿನ ಮೇಲೆ ವ್ಯಾಟ್ ಅಚ್ಚಾದರೂ ಬಾಯಲ್ಲಿ ಕ್ಯಾಂಡಲ್ ಉಳಿದದ್ದು ಇದಕ್ಕೇ ಇರಬೇಕು ಎಂಬುದು ನನ್ನ ಊಹೆ. ಮಾತನ್ನು ತಿದ್ದಬೇಕಾದ ಅಗತ್ಯವೇ ಯಾರಿಗೂ ಬೀಳಲಿಲ್ಲ.

ಝೀರೋ ಕ್ಯಾಂಡಲಿನದು ಮಾತ್ರ ಶುದ್ಧ ಸುಳ್ಳು. ಆ ಪುಟ್ಟ ರಾತ್ರಿ ಬಲ್ಬು ಹನ್ನೆರಡರಿಂದ ಹದಿನೈದು ವ್ಯಾಟ್ ಎಳೆಯುತ್ತಿತ್ತು. ಹಳೆಯ ಮೀಟರಿನ ತಟ್ಟೆ ಅಷ್ಟು ಸಣ್ಣ ಕರೆಂಟಿಗೆ ತಿರುಗುತ್ತಿರಲಿಲ್ಲ, ಬಿಲ್ಲಿನಲ್ಲಿ ಸೊನ್ನೆ, ಹಾಗಾಗಿ ಹೆಸರೂ ಸೊನ್ನೆ ಎನ್ನುತ್ತಾರೆ. ನಿಜವೋ ಕತೆಯೋ, ಬಲ್ಬಿನ ಹೆಸರು ಬೆಳಕಿನಿಂದಲ್ಲ, ಬಿಲ್ಲಿನಿಂದ ಬರುತ್ತದೆ ಎಂಬುದನ್ನು ಅದು ಚೆನ್ನಾಗಿ ಹೇಳುತ್ತದೆ.

ಮುಂಬಯಿಯಲ್ಲಿ ಆ ಬಿಲ್ಲಿನ ತೂಕ ದೊಡ್ಡದು. ಮಾವ ಉಡುಪಿಯ ಕಡೆಯಿಂದ ಇಲ್ಲಿಗೆ ಬಂದದ್ದು 1968ರಲ್ಲಿ, ಫೋರ್ಟಿನ ಒಂದು ಹೋಟೆಲಿಗೆ. ಹಗಲು ಕಪ್ಪುಬಸಿ, ಸಂಜೆ ಕನ್ನಡ ರಾತ್ರಿ ಶಾಲೆ, ಮಲಗಲು ಹನ್ನೊಂದು ಮಂದಿಯ ಒಂದು ರೂಮು. ರೂಮಿನ ಧನಿಯ ಕಟ್ಟಪ್ಪಣೆ, ನಲವತ್ತಕ್ಕಿಂತ ದೊಡ್ಡ ಬಲ್ಬು ಹಾಕಕೂಡದು. ಕರೆಂಟಿನ ದುಡ್ಡು ಬಾಡಿಗೆಯಲ್ಲೇ ಸೇರಿದ್ದರಿಂದ ಅವನು ಬೆಳಕನ್ನು ವ್ಯಾಟಿನಲ್ಲೇ ಪಡಿ ಹಾಕುತ್ತಿದ್ದ. ಎಸ್ಸೆಸ್ಸೆಲ್ಸಿ ಪರೀಕ್ಷೆಯ ತಿಂಗಳು ಮಾವ ಮತ್ತು ಇನ್ನಿಬ್ಬರು ಸೇರಿ ಅರುವತ್ತರ ಬಲ್ಬು ತಂದು, ಧನಿ ಬರುವ ಸದ್ದು ಕೇಳಿದರೆ ಬಟ್ಟೆಯಲ್ಲಿ ಹಿಡಿದು ಕಳಚಿ ನಲವತ್ತನ್ನು ಸಿಕ್ಕಿಸುತ್ತಿದ್ದರಂತೆ. ಅವರ ತಲೆಯಲ್ಲಿ ಅರುವತ್ತು ಎಂದರೆ ಪಾಸಾದ ಬೆಳಕು. ಅದನ್ನು ನಾನು ಲುಮೆನ್‌ಗೆ ಪರಿವರ್ತಿಸಬೇಕಿತ್ತು.

ಮಾವ ಇನ್ನೊಂದು ಮಾತು ಹೇಳುತ್ತಾರೆ. ಊರಿನಲ್ಲಿ ಪಂಚಾಯತ್ ಅಧ್ಯಕ್ಷರ ಮನೆಯಲ್ಲೂ ಅರುವತ್ತರ ಬಲ್ಬೇ ಇತ್ತು, ಆದರೆ ಬೊಂಬಾಯಿಯ ಅರುವತ್ತೇ ಬೇರೆ, ಹಾಲು ಚೆಲ್ಲಿದ ಹಾಗೆ ಎಂದು. ಹೊಸದಾಗಿ ಬಂದ ಹುಡುಗನ ಬೆರಗು ಎಂದು ನಾನು ಮೊದಲು ನಕ್ಕಿದ್ದೆ. ಲೆಕ್ಕ ಹಾಕಿದರೆ ಅದೂ ನಿಜ. ತಂತಿಯ ಬಲ್ಬಿನ ಬೆಳಕು ವೋಲ್ಟೇಜಿಗೆ ವಿಪರೀತ ಸೂಕ್ಷ್ಮ, ವೋಲ್ಟೇಜಿನ ಸುಮಾರು 3.4ನೇ ಘಾತಕ್ಕೆ ತಕ್ಕಂತೆ ಏರಿಳಿಯುತ್ತದೆ. ಉದ್ದ ಲೈನಿನ ಕೊನೆಯ ಮನೆಗೆ 230ರ ಬದಲು 180 ವೋಲ್ಟು ಬಂದರೆ ಅರುವತ್ತರ ಬಲ್ಬು ನೂರಕ್ಕೆ 43ರಷ್ಟು ಮಾತ್ರ ಬೆಳಕು ಕೊಡುತ್ತದೆ, ಅಂದರೆ ಮುನ್ನೂರು ಲುಮೆನ್ ಚಿಲ್ಲರೆ. ಆಗ ಅದು ಎಳೆಯುವುದು ಸುಮಾರು ನಲವತ್ತು ವ್ಯಾಟ್, ಆದರೆ ಬೆಳಕು ಸರಿಯಾದ ವೋಲ್ಟೇಜಿನ ನಲವತ್ತರ ಬಲ್ಬಿನ 415 ಲುಮೆನ್‌ಗಿಂತಲೂ ಕಮ್ಮಿ. ತಂತಿ ತಣ್ಣಗಾದಷ್ಟೂ ಕರೆಂಟೆಲ್ಲ ಶಾಖಕ್ಕೇ ಹೋಗುತ್ತದೆ, ಬಣ್ಣವೂ ಕೆಂಪಿಗೆ ತಿರುಗುತ್ತದೆ. ಹಾಗಾಗಿ ‘ಹಳೆಯ ಅರುವತ್ತು’ ಎಂಬ ನೆನಪು ಯಾವ ಊರಿನದು ಎಂದು ಕೇಳದೆ ಪರಿವರ್ತನೆ ಮಾಡುವಂತಿಲ್ಲ. ಫೋರ್ಟಿನ ಅರುವತ್ತಕ್ಕೆ 710, ಮಾವನ ಊರಿನ ಅರುವತ್ತಕ್ಕೆ 300.

ಈಗ ಆ ಎಂಟುನೂರರ ವಿಷಯ. ಅಮೆರಿಕದಲ್ಲಿ ಮನೆಯ ಕರೆಂಟು 120 ವೋಲ್ಟು. ಅಷ್ಟೇ ವ್ಯಾಟಿಗೆ ಅಲ್ಲಿನ ಬಲ್ಬಿನ ತಂತಿಯಲ್ಲಿ ಎರಡರಷ್ಟು ಕರೆಂಟು ಹರಿಯುವುದರಿಂದ ತಂತಿ ದಪ್ಪ ಮತ್ತು ಗಿಡ್ಡ. ನಮ್ಮದು ಸಪೂರ ಮತ್ತು ಉದ್ದ. ಸಪೂರ ತಂತಿಯಿಂದ ಸುತ್ತಲಿನ ಅನಿಲಕ್ಕೆ ಶಾಖ ಹೆಚ್ಚು ಸೋರುತ್ತದೆ, ಅದು ಬೇಗ ಸವೆಯುತ್ತದೆ ಕೂಡ. ಸಾವಿರ ಗಂಟೆ ಬಾಳಬೇಕಾದರೆ ಅದನ್ನು ಸ್ವಲ್ಪ ತಣ್ಣಗೇ ಉರಿಸಬೇಕು. ಹಾಗಾಗಿ ಅಲ್ಲಿನ ಅರುವತ್ತಕ್ಕೆ 800ಕ್ಕಿಂತ ಮೇಲೆ, ನಮ್ಮ ಅರುವತ್ತಕ್ಕೆ 710. ಅಲ್ಲಿನ ನೂರಕ್ಕೆ 1600, ನಮ್ಮ ನೂರಕ್ಕೆ 1350ರ ಆಸುಪಾಸು. ಇಂಟರ್ನೆಟ್ಟಿನಲ್ಲಿ ತಿರುಗಾಡುವ 450, 800, 1100, 1600 ಎಂಬ ಪಟ್ಟಿ ಅಮೆರಿಕದ ಬಲ್ಬುಗಳದು. ನಮ್ಮಂತೆಯೇ 230 ವೋಲ್ಟಿನ ಯೂರೋಪಿನಲ್ಲಿ 2009ರ ಕಾನೂನು ಬೇರೆ ಪಟ್ಟಿ ಕೊಟ್ಟಿತು. ಅರುವತ್ತಕ್ಕೆ ಸಮ ಎಂದು ಡಬ್ಬಿಯ ಮೇಲೆ ಬರೆಯಬೇಕಾದರೆ ಆ ಕಾನೂನಿನಲ್ಲಿ ಹ್ಯಾಲೊಜನ್ ಬಲ್ಬು 702 ಲುಮೆನ್ ಕೊಟ್ಟರೆ ಸಾಕಿತ್ತು, ಆದರೆ ಎಲ್‌ಇಡಿ 806 ಕೊಡಬೇಕಿತ್ತು. ಒಂದೇ ಅರುವತ್ತಕ್ಕೆ ಎರಡು ಸಂಖ್ಯೆ. ಕಾರಣವಿದೆ, ಎಲ್‌ಇಡಿ ವರ್ಷ ಕಳೆದಂತೆ ಮಂದವಾಗುತ್ತದೆ. ಅದಕ್ಕಾಗಿ ಮೊದಲೇ ಸ್ವಲ್ಪ ಹೆಚ್ಚು ಕೊಡಲಿ ಎಂಬ ಲೆಕ್ಕ. ಆ ಪಟ್ಟಿಯಲ್ಲಿ ಎಲ್‌ಇಡಿಗೆ ನಲವತ್ತರ ಸಮ 470, ನೂರರ ಸಮ 1521. ನಮ್ಮ ಮನೆಗಳಿಗೆ ಹೊಂದುವುದು ಇದೇ ಪಟ್ಟಿ.

ವ್ಯಾಟ್ ಬೆಳಕಿನ ಅಳತೆಯಲ್ಲ ಎಂಬುದು ನಮಗೆ ಎಲ್‌ಇಡಿ ಬಂದ ಮೇಲೆ ಗೊತ್ತಾದದ್ದೂ ಅಲ್ಲ. ಚಾಳಿನ ಮನೆಗಳಿಗೆ ಟ್ಯೂಬ್‌ಲೈಟ್ ಬಂದಾಗಲೇ ಅದು ಗೊತ್ತಾಗಿತ್ತು. ನಾಲ್ಕಡಿಯ ನಲವತ್ತು ವ್ಯಾಟಿನ ಟ್ಯೂಬು 2400 ಲುಮೆನ್ ಕೊಡುತ್ತಿತ್ತು, ನಲವತ್ತರ ಬಲ್ಬಿನ ಐದಾರು ಪಟ್ಟು. ಅಂಗಡಿಯಲ್ಲಿ ‘ನಲವತ್ತು’ ಎಂದರೆ ‘ಬಲ್ಬಾ, ಟ್ಯೂಬಾ’ ಎಂದು ಕೇಳುತ್ತಿದ್ದರು, ಎರಡರ ಬೆಳಕೂ ಬೇರೆ ಎಂದು ಎಲ್ಲರಿಗೂ ತಿಳಿದಿತ್ತು. ಜನ ಎರಡು ವ್ಯಾಟುಗಳನ್ನು ತಲೆಯಲ್ಲಿ ಬೇರೆ ಬೇರೆ ಗೂಡಿನಲ್ಲಿ ಇಟ್ಟುಕೊಂಡು ಆರಾಮವಾಗಿ ಬದುಕಿದರು. ತೊಡಕು ಶುರುವಾದದ್ದು ಹೊಸ ದೀಪ ಹಳೆಯ ಬಲ್ಬಿನ ಆಕಾರದಲ್ಲಿ, ಹಳೆಯ ಹೋಲ್ಡರಿನಲ್ಲೇ ಬಂದು ಕೂತಾಗ. 2009ರ ಬಚತ್ ಲ್ಯಾಂಪ್ ಯೋಜನೆ ಸಿಎಫ್‌ಎಲ್ ಬಲ್ಬನ್ನು ತಂತಿಯ ಬಲ್ಬಿನ ಬೆಲೆಗೇ ಕೊಡಲು ಹೊರಟಿತು. 2015ರ ಜನವರಿ 5ರಂದು ಎಲ್‌ಇಡಿ ಯೋಜನೆ ಆರಂಭವಾಯಿತು, ಆಮೇಲೆ ಅದಕ್ಕೆ ಉಜಾಲಾ ಎಂದು ಹೆಸರಾಯಿತು. ಸರಕಾರಿ ಕಂಪೆನಿ ಎಲ್‌ಇಡಿ ಬಲ್ಬನ್ನು ಸಗಟಾಗಿ ಕೊಳ್ಳುವ ಬೆಲೆ 2014ರ 310 ರೂಪಾಯಿಯಿಂದ 2016ರಲ್ಲಿ 38ಕ್ಕೆ ಇಳಿಯಿತು. ಎರಡು ವರ್ಷದಲ್ಲಿ ಒಂದು ವಸ್ತು ಹೀಗೆ ಅಗ್ಗವಾದದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ. ನಮ್ಮ ಮನೆಗಳಿಗೆ ಒಂಬತ್ತು ವ್ಯಾಟ್ ಎಂಬ ಹೊಸ ಸಂಖ್ಯೆ ಬಂದದ್ದು ಹೀಗೆ, ಅದರ ಬೆನ್ನಿಗೆ ‘ಅರುವತ್ತಕ್ಕೆ ಸಮ’ ಎಂಬ ಅಂಗಡಿಯ ಮಾತೂ ಬಂತು.

ಮಾವನ ತಕರಾರು ಆ ಮಾತಿನ ಮೇಲೆ. ಅವರಿಗೆ ಈಗ ಎಪ್ಪತ್ತನಾಲ್ಕು. ಮನೆಯಲ್ಲಿದ್ದದ್ದು ಆರು ವರ್ಷದ ಹಿಂದೆ ತಂದ ಒಂಬತ್ತರ ಎಲ್‌ಇಡಿ. ಪೇಪರು ಓದುವುದನ್ನು ಬಿಟ್ಟಿದ್ದರು. ‘ಕಣ್ಣು ಹೋಯಿತು’ ಎಂದು ತಾವೇ ತೀರ್ಮಾನಿಸಿ, ಪುಸ್ತಕಗಳನ್ನು ಯಾರಿಗಾದರೂ ಕೊಡು ಎಂದು ಅತ್ತೆಯ ಹತ್ತಿರ ಹೇಳಿದ್ದರಂತೆ. ಕಣ್ಣಿನ ಡಾಕ್ಟರು ಪೊರೆ ಈಗಷ್ಟೇ ಶುರು, ಆಪರೇಷನ್ ಸದ್ಯ ಬೇಡ, ಕನ್ನಡಕದ ನಂಬರ್ ಸರಿಯಿದೆ ಎಂದಿದ್ದರು. ನಾನು ಹೋದಾಗ ಮಾವ ಬಲ್ಬಿನ ಕಡೆ ಗಲ್ಲ ಎತ್ತಿ ತೋರಿಸಿ, ‘ಎಂತ ಮಾರಾಯ, ಇದು ಅರುವತ್ತಂತೆ! ಅರುವತ್ತರಲ್ಲಿ ನಾನು ಪರೀಕ್ಷೆಗೆ ಓದಿದ್ದೇನೆ. ಇದರಲ್ಲಿ ನನ್ನ ಕೈಯ ಗೆರೆ ಕಾಣುವುದಿಲ್ಲ’ ಎಂದರು.

ದೋಷ ಕಣ್ಣಿನದೋ, ಬಲ್ಬಿನದೋ, ನೆನಪಿನದೋ? ಅಳೆದು ನೋಡುವ ಎಂದುಕೊಂಡೆ. ಲುಮೆನ್ ಅಳೆಯಲು ಸರಿಯಾದ ಸಾಧನ ಒಳಗೆಲ್ಲ ಬಿಳಿ ಬಳಿದ ದೊಡ್ಡ ಗೋಳ, ಅದು ಪ್ರಯೋಗಾಲಯಗಳಲ್ಲಿ ಮಾತ್ರ ಇರುವಂಥದು. ಆದರೆ ಎರಡು ದೀಪಗಳನ್ನು ಹೋಲಿಸಲು ಜರ್ಮನಿಯ ರಾಬರ್ಟ್ ಬುನ್ಸೆನ್ ಹತ್ತೊಂಬತ್ತನೆಯ ಶತಮಾನದಲ್ಲೇ ಸುಲಭ ಉಪಾಯ ಮಾಡಿಟ್ಟಿದ್ದಾರೆ. ಬಿಳಿ ಕಾಗದದ ನಡುವೆ ಒಂದು ತೊಟ್ಟು ಎಣ್ಣೆ. ಆ ಕಲೆ ಬೆಳಕನ್ನು ಆಚೆಗೆ ಬಿಡುತ್ತದೆ. ಈಚೆ ಬೆಳಕು ಹೆಚ್ಚಿದ್ದರೆ ಕಲೆ ಕಪ್ಪಗೆ ಕಾಣುತ್ತದೆ, ಆಚೆ ಹೆಚ್ಚಿದ್ದರೆ ಬೆಳ್ಳಗೆ. ಎರಡೂ ಕಡೆ ಸಮವಾದರೆ ಕಲೆ ಹೆಚ್ಚುಕಮ್ಮಿ ಮಾಯ. ಗ್ಯಾಸ್ ದೀಪವನ್ನು ಮೇಣದ ಬತ್ತಿಯ ಎದುರಿಟ್ಟು ನೋಡುತ್ತಿದ್ದ ಕಾಲದಲ್ಲಿ ಇದೇ ಉಪಾಯ ಬಳಕೆಯಲ್ಲಿತ್ತು.

ಲೋಹಾರ್ ಚಾಳ್‌ಗೆ ಹೋಗಿ ಒಂದು ಅರುವತ್ತರ ತಂತಿಯ ಬಲ್ಬು ತಂದೆ. ಮುಂಬಯಿಯ ಇಲೆಕ್ಟ್ರಿಕ್ ಸಾಮಾನಿನ ಈ ಸಗಟು ಗಲ್ಲಿ 1882ರ ಆ ಕ್ರಾಫರ್ಡ್ ಮಾರ್ಕೆಟ್ಟಿನ ಹತ್ತಿರವೇ ಇದೆ. ಜತೆಗೆ ಮಾವನ ಮನೆಯಲ್ಲಿದ್ದ ಕಂಪೆನಿಯದೇ ಹೊಸ ಒಂಬತ್ತರ ಎಲ್‌ಇಡಿಯನ್ನೂ ತಂದೆ. ಒಂದು ಎಚ್ಚರಿಕೆ, ಹೋಲಿಸುವಾಗ ಬಣ್ಣ ಹತ್ತಿರವಿರಬೇಕು. ನೀಲಿ ಛಾಯೆಯ ಬಿಳಿ ಎಲ್‌ಇಡಿ ಮತ್ತು ಹಳದಿ ತಂತಿ ಬಲ್ಬು ಎದುರುಬದುರಾದರೆ ಕಲೆ ಮಾಯವಾಗುವುದೇ ಇಲ್ಲ, ಒಂದು ಕಡೆ ಹಳದಿ, ಒಂದು ಕಡೆ ನೀಲಿ ಕಾಣುತ್ತಿರುತ್ತದೆ. ಬಣ್ಣ ಬದಲಾದರೆ ಲುಮೆನ್ ಲೆಕ್ಕದಿಂದ ಮನಸ್ಸು ಒಪ್ಪುವುದಿಲ್ಲ ಎಂಬುದನ್ನು 2015ರಲ್ಲಿ ಮರೀನ್ ಡ್ರೈವ್‌ನಲ್ಲೇ ನೋಡಿದ್ದೇವೆ. ಅಲ್ಲಿನ ಹಳದಿ ಸೋಡಿಯಂ ದೀಪಗಳ ಜಾಗಕ್ಕೆ ಬಿಳಿ ಎಲ್‌ಇಡಿ ಬಂದಾಗ ರಾಣಿಯ ಕಂಠೀಹಾರದ ಚಿನ್ನದ ಬಣ್ಣ ಹೋಯಿತೆಂದು ಊರೆಲ್ಲ ಗಲಾಟೆಯಾಗಿತ್ತು. ಮಾವನ ಮನೆಯ ಬಲ್ಬು ಪುಣ್ಯಕ್ಕೆ ಹಳದಿ ಛಾಯೆಯದೇ ಆಗಿತ್ತು.

ರಾತ್ರಿ ಕಿಟಕಿ ಮುಚ್ಚಿ, ನೆಲದ ಮೇಲೆ ಎರಡು ಮೀಟರ್ ದೂರದಲ್ಲಿ ಎರಡು ಹೋಲ್ಡರ್ ಇಟ್ಟು, ನಡುವೆ ತೆಂಗಿನೆಣ್ಣೆ ತೊಟ್ಟಿಟ್ಟ ಕಾಗದವನ್ನು ಜಾರಿಸುತ್ತಾ ಹೋದೆವು. ‘ಈಗ ಹೋಯಿತು’ ಎನ್ನುವ ಕೆಲಸ ಅತ್ತೆಯದು. ಮೊದಲು ಹೊಸ ಎಲ್‌ಇಡಿಯ ಗುಮ್ಮಟವನ್ನು ನೇರ ಕಾಗದದ ಕಡೆ ತಿರುಗಿಸಿದೆವು. ಎಲ್‌ಇಡಿಯಿಂದ 112 ಸೆಂಟಿಮೀಟರ್, ತಂತಿ ಬಲ್ಬಿನಿಂದ 88 ಸೆಂಟಿಮೀಟರಿನಲ್ಲಿ ಕಲೆ ಮಾಯವಾಯಿತು. ಬೆಳಕು ದೂರದ ವರ್ಗಕ್ಕೆ ತಕ್ಕಂತೆ ಕುಗ್ಗುವುದರಿಂದ 112ನ್ನು 88ರಿಂದ ಭಾಗಿಸಿ ವರ್ಗ ಮಾಡಬೇಕು, 1.62. ಎದುರಿನ ದಿಕ್ಕಿನಲ್ಲಿ ಹೊಸ ಎಲ್‌ಇಡಿ ಹಳೆಯ ಅರುವತ್ತರ ಒಂದೂವರೆ ಪಟ್ಟಿಗೂ ಮೀರಿ ಬೆಳಗುತ್ತದೆ. ಆಮೇಲೆ ಮಾವನ ಆರು ವರ್ಷದ ಬಲ್ಬು. ಕಲೆ 105 ಮತ್ತು 95ರಲ್ಲಿ ಹೋಯಿತು, 1.22. ಅಂದರೆ ಹೊಸದರ ಮುಕ್ಕಾಲು ಪಾಲು ಉಳಿದಿದೆ. ದಿನಕ್ಕೆ ಎಂಟು ಗಂಟೆಯಂತೆ ಆರು ವರ್ಷಕ್ಕೆ ಹದಿನೇಳು ಸಾವಿರ ಗಂಟೆ ದಾಟುತ್ತದೆ. ಎಲ್‌ಇಡಿಯ ಆಯುಷ್ಯ 25,000 ಗಂಟೆ ಎಂದು ಡಬ್ಬಿಯಲ್ಲಿ ಬರೆದರೆ, ಸಾಮಾನ್ಯವಾಗಿ ಅದರ ಅರ್ಥ ಅಷ್ಟು ಹೊತ್ತಿಗೆ ನೂರಕ್ಕೆ ಎಪ್ಪತ್ತರಷ್ಟು ಬೆಳಕು ಉಳಿದಿರುತ್ತದೆ ಎಂದು. ತಂತಿಯ ಬಲ್ಬು ಒಂದು ದಿನ ಟಪ್ ಎಂದು ಹೋಗಿ ಸುದ್ದಿ ಮುಟ್ಟಿಸುತ್ತಿತ್ತು. ಎಲ್‌ಇಡಿ ಹೇಳದೆ ಕುಂದುತ್ತಾ ಹೋಗುತ್ತದೆ, ಮನೆಯವರು ಕಣ್ಣನ್ನು ದೂರುತ್ತಾರೆ.

ಆದರೂ 1.22 ಎಂದರೆ ಅರುವತ್ತಕ್ಕಿಂತ ಹೆಚ್ಚೇ ಆಯಿತಲ್ಲ? ಮಾವ ಗೆದ್ದವರಂತೆ ಅಲ್ಲ, ಸೋತವರಂತೆ ಕುರ್ಚಿಗೆ ಒರಗಿದರು. ಹಾಗಾದರೆ ಕಣ್ಣೇ ಹೋದದ್ದು ಎಂದಾಯಿತು. ಆಗ ನನ್ನ ಗಮನ ಕುರ್ಚಿಯ ಮೇಲೆ ಹೋಯಿತು. ಮನೆಯ ಬಲ್ಬು ಸೂರಿನಿಂದ ತೂಗುವುದಿಲ್ಲ, ಮುಂಬಯಿಯ ಹೆಚ್ಚಿನ ಹಳೆಯ ಮನೆಗಳಂತೆ ಗೋಡೆಯ ಹೋಲ್ಡರಿನಿಂದ ಅಡ್ಡಕ್ಕೆ ಚಾಚಿಕೊಂಡಿದೆ. ಮಾವನ ಕುರ್ಚಿ ಅದೇ ಗೋಡೆಗೆ ತಾಗಿ ಬಲ್ಬಿನ ಕೆಳಗಿದೆ. ಎಲ್‌ಇಡಿಯ ಹಿಂಭಾಗವೆಲ್ಲ ಬಿಳಿ ಪ್ಲಾಸ್ಟಿಕ್ಕು. ಅದರ ಬೆಳಕು ಮುಖ್ಯವಾಗಿ ಎದುರಿನ ಟಿವಿಗೆ ಬೀಳುತ್ತದೆ, ಮಾವನಿಗೆ ಸಿಗುವುದು ಪಕ್ಕದ ಬೆಳಕು. ಹಳೆಯ ಬಲ್ಬನ್ನು ಮತ್ತೆ ಹೋಲ್ಡರಿಗೆ ಹಾಕಿ, ಈ ಸಲ ಎಲ್‌ಇಡಿಯನ್ನು ಕಾಗದಕ್ಕೆ ಪಕ್ಕ ತೋರುವಂತೆ ತಿರುಗಿಸಿದೆವು. ಕಲೆ ಎಲ್‌ಇಡಿಯಿಂದ 87, ತಂತಿ ಬಲ್ಬಿನಿಂದ 113ರಲ್ಲಿ ಹೋಯಿತು. 0.59! ಮಾವನ ಕುರ್ಚಿಯ ದಿಕ್ಕಿಗೆ ಹಳೆಯ ಅರುವತ್ತರ ಆರಾಣೆ ಕಮ್ಮಿ ಬೆಳಕು. ತಂತಿ ಬಲ್ಬಿನದು ಎಲ್ಲ ದಿಕ್ಕಿಗೂ ಚೆಲ್ಲುವ ಬೆಳಕು, ಹಿಂದಿನ ಸುಣ್ಣದ ಗೋಡೆಗೂ ಬಡಿದು ತಿರುಗಿ ಬರುತ್ತಿತ್ತು.

ಇಲ್ಲಿಗೆ ಮೂರು ಅಳತೆಗಳೂ ನನಗೆ ಬೇರೆ ಬೇರೆಯಾಗಿ ಕಂಡವು. ಕ್ಯಾಂಡಲ್ ಹೇಳುವುದು ಒಂದು ದಿಕ್ಕಿಗೆ ಎಷ್ಟು ಬೆಳಕು ಎಂದು. ವ್ಯಾಟ್ ಹೇಳುವುದು ಎಷ್ಟು ದುಡ್ಡು ಎಂದು. ಲುಮೆನ್ ಹೇಳುವುದು ಎಲ್ಲ ದಿಕ್ಕೂ ಕೂಡಿ ಒಟ್ಟು ಎಷ್ಟು ಎಂದು. ಅದೂ ಹೊಸದೇನಲ್ಲ, ಫ್ರೆಂಚ್ ವಿಜ್ಞಾನಿ ಆಂದ್ರೆ ಬ್ಲಾಂಡೆಲ್ 1890ರ ದಶಕದಲ್ಲೇ ಕೊಟ್ಟ ಹೆಸರು, ಬೆಸ್ಟ್‌ಗಿಂತ ಹಿರಿದು. ತಂತಿ ಬಲ್ಬಿನ ಕಾಲದಲ್ಲಿ ಎಲ್ಲ ಬಲ್ಬುಗಳೂ ಒಂದೇ ರೀತಿ ಬೆಳಕು ಚೆಲ್ಲುತ್ತಿದ್ದುದರಿಂದ ಯಾವುದನ್ನು ಹೇಳಿದರೂ ನಡೆಯುತ್ತಿತ್ತು. ಲುಮೆನ್ ಪಟ್ಟಿಯನ್ನು ಹಿಡಿದು ಅರುವತ್ತಕ್ಕೆ 806 ಎಂದು ತಂದರೆ ಮನೆಗೆ ಬರುವ ಒಟ್ಟು ಬೆಳಕು ಸರಿಯೇ, ಅದು ಕುರ್ಚಿಗೆ ಬರುತ್ತದೆ ಎಂದಲ್ಲ.

ಹಾಗಾದರೆ ನೂರರ ಸಮದ್ದು ತಂದು ಹಾಕು ಎಂದರು ಮಾವ. ಲೆಕ್ಕ ಮಾಡಿ ತೋರಿಸಿದೆ. ಬಲ್ಬಿನಿಂದ ಅವರ ಮಡಿಲಿಗೆ ಒಂದೂವರೆ ಮೀಟರ್. ಹಳೆಯ ಅರುವತ್ತು ಆ ದಿಕ್ಕಿಗೆ 56 ಕ್ಯಾಂಡಲ್. ದೂರದ ವರ್ಗ 2.25ರಿಂದ ಭಾಗಿಸಿದರೆ 25 ಲಕ್ಸ್. ಲಕ್ಸ್ ಎಂದರೆ ಪುಟದ ಮೇಲೆ ಬೀಳುವ ಬೆಳಕಿನ ಲೆಕ್ಕ. ಈಗಿನ ಎಲ್‌ಇಡಿಯಿಂದ 15. ಹೊಸ ಒಂಬತ್ತರಿಂದ 20. ನೂರರ ಸಮದ, 1521 ಲುಮೆನ್‌ನ ಬಲ್ಬಿನಿಂದ ಮೂವತ್ತೈದರ ಆಸುಪಾಸು. ಗೋಡೆಗಳಿಂದ ತಿರುಗಿ ಬರುವುದನ್ನು ಸೇರಿಸಿದರೆ ಇನ್ನಷ್ಟು ಸಿಗಬಹುದು, ಆದರೆ ಆರಾಮವಾಗಿ ಓದಲು ಸಾಧಾರಣವಾಗಿ ಹೇಳುವುದು 300 ಲಕ್ಸ್. ಪರೀಕ್ಷೆಗೆ ಓದಿದ ಆ ಅರುವತ್ತರ ಬಲ್ಬು ಕೂಡ ಅದರ ಹತ್ತಿರ ಎಂದೂ ಬಂದಿರಲಿಲ್ಲ. ಬಂದದ್ದು ಹದಿನೆಂಟರ ಕಣ್ಣು. ಅರುವತ್ತು ದಾಟಿದವರ ಕಣ್ಣಿನ ಒಳಪರದೆಗೆ ಇಪ್ಪತ್ತರ ಹುಡುಗನಿಗೆ ಮುಟ್ಟುವ ಬೆಳಕಿನ ಸುಮಾರು ಮೂರನೇ ಒಂದು ಪಾಲು ಮಾತ್ರ ಮುಟ್ಟುತ್ತದೆ. ಕಣ್ಣಿನ ಮಸೂರ ಹಳದಿಯಾಗಿರುತ್ತದೆ, ಪಾಪೆಯೂ ಕಿರಿದಾಗಿರುತ್ತದೆ. ಅಂದರೆ ಅವರಿಗೆ ಈಗ 25 ಲಕ್ಸಿನ ಹಳೆಯ ಸುಖ ಬೇಕಿದ್ದರೂ 75 ಬೇಕು.

ಗೋಡೆಯ ಬಲ್ಬನ್ನು ಎಷ್ಟು ದೊಡ್ಡದು ಮಾಡಿದರೂ ಇದು ತುಂಬುವುದಿಲ್ಲ. ದೂರವನ್ನು ಕಮ್ಮಿ ಮಾಡಿದರೆ ತುಂಬುತ್ತದೆ. ಕುರ್ಚಿಯ ಪಕ್ಕದ ಸ್ಟೂಲಿನ ಮೇಲೆ ಒಂದು ಟೇಬಲ್ ಲ್ಯಾಂಪ್ ಇಟ್ಟು, ಅದಕ್ಕೆ ಏಳು ವ್ಯಾಟಿನ, 600 ಲುಮೆನ್ ಚಿಲ್ಲರೆಯ ಎಲ್‌ಇಡಿ ಹಾಕಿ, ಗುಮ್ಮಟ ಪುಟದ ಕಡೆಗೆ ಬರುವಂತೆ ಅರ್ಧ ಮೀಟರಿನಲ್ಲಿ ಬಾಗಿಸಿದೆ. ಆ ಬಲ್ಬು ಎದುರಿಗೆ ಎಪ್ಪತ್ತೈದು ಕ್ಯಾಂಡಲ್ ಕೊಟ್ಟರೂ ಅರ್ಧದ ವರ್ಗ ಕಾಲು, ಕಾಲಿನಿಂದ ಭಾಗಿಸಿದರೆ 300 ಲಕ್ಸ್. ಪಟ್ಟಿಯ ಪ್ರಕಾರ ಇದು ಅರುವತ್ತಕ್ಕಿಂತ ಸಣ್ಣ ಬಲ್ಬು. ಮೊಬೈಲಿನ ಲಕ್ಸ್ ಆ್ಯಪ್ ಕೂಡ ಇಟ್ಟು ನೋಡಿದೆ. ಅದು ತೋರಿಸುವ ಸಂಖ್ಯೆಯನ್ನು ನಾನು ನಂಬುವುದಿಲ್ಲ, ಆದರೆ ಒಂದೇ ಫೋನನ್ನು ಒಂದೇ ಜಾಗದಲ್ಲಿಟ್ಟು ಎರಡು ದೀಪಗಳ ನಡುವಿನ ಅನುಪಾತ ನೋಡಲು ಅಡ್ಡಿಯಿಲ್ಲ. ಗೋಡೆಯ ದೀಪಕ್ಕಿಂತ ಇಪ್ಪತ್ತು ಪಟ್ಟಿನ ಆಸುಪಾಸು ತೋರಿಸಿತು.

ಮಾವ ಆ ದಿನದ ಪೇಪರು ತೆಗೆದು ಮೊದಲು ಶ್ರದ್ಧಾಂಜಲಿಯ ಪುಟವನ್ನು ನೋಡಿದರು. ಈ ಪ್ರಾಯದಲ್ಲಿ ಎಲ್ಲರೂ ಅದನ್ನೇ ಮೊದಲು ನೋಡುವುದಂತೆ. ನಾಲ್ಕೈದು ನಿಮಿಷ ಮಾತಿಲ್ಲ. ಆಮೇಲೆ ತಲೆ ಎತ್ತದೆಯೇ, ‘ಇದಕ್ಕೆ ಕರೆಂಟು ಎಷ್ಟು?’ ಎಂದು ಕೇಳಿದರು.

‘ದಿನಕ್ಕೆ ಮೂರು ಗಂಟೆ ಉರಿಸಿದರೆ ತಿಂಗಳಿಗೆ ಮುಕ್ಕಾಲು ಯೂನಿಟ್ಟೂ ಆಗುವುದಿಲ್ಲ ಮಾವ’ ಎಂದೆ.

‘ಹಾಗಾದ್ರೆ ಆ ಗೋಡೆಯದ್ದನ್ನು ಆರಿಸು’ ಎಂದರು.